ಪನೀರ್ ರಬ್ಬರ್ ಆಗುತ್ತಿದೆಯಾ? ಹುಳಿ ಹಾಕುವಾಗ ಹಾಲು ಎಷ್ಟು ಬಿಸಿ ಇತ್ತು ನೋಡಿ

ನಮ್ಮ ನಾದಿನಿ ಮನೆಯಲ್ಲಿ ಮಾಡಿದ ಪನೀರ್ ತುಂಡನ್ನು ನೆಲಕ್ಕೆ ಹಾಕಿದರೆ ಪುಟಿಯುತ್ತದೆ ಅಂತ ಅವಳ ಮಗ ತಮಾಷೆ ಮಾಡುತ್ತಾನೆ. ಅವಳು ಹಾಲು ಬದಲಿಸಿ ನೋಡಿದಳು. ನಿಂಬೆಹಣ್ಣು ಬಿಟ್ಟು ವಿನೆಗರ್ ಹಾಕಿದಳು. ಕಲ್ಲಿನ ಭಾರ ಕಡಿಮೆ ಮಾಡಿದಳು. ಆದರೂ ಕಚ್ಚಿದರೆ ಹಲ್ಲಿಗೆ ಕಿರ್ ಅನ್ನುವ ಪನೀರೇ ಬಂತು. ಕೊನೆಗೆ ಒಂದು ದಿನ ಪಕ್ಕದಲ್ಲಿ ನಿಂತು ನೋಡಿದೆ. ಹಾಲು ಕೊತಕೊತ ಕುದಿಯುತ್ತಿರುವಾಗಲೇ ನಿಂಬೆರಸ ಸುರಿದಳು. ಹಾಲು ಒಡೆದ ಮೇಲೂ ಎರಡು ನಿಮಿಷ ಉರಿ ಹಾಗೇ ಇತ್ತು. ತಪ್ಪು ಆಗುತ್ತಿದ್ದದ್ದು ಅಲ್ಲೇ.

ಇದೇ ದೂರು ಹೇಳುವ ಹೆಚ್ಚಿನವರ ಮನೆಯಲ್ಲೂ ಇದೇ ಕಥೆ. ಅದಕ್ಕೆ ಇಲ್ಲಿ ಪನೀರಿನ ಅಡುಗೆ ಬರೆಯುತ್ತಿಲ್ಲ. ಹಾಲಿಗೆ ಹುಳಿ ಬೀಳುವ ಆ ಕೆಲವು ನಿಮಿಷಗಳ ಸುತ್ತ ಮಾತ್ರ ಬರೆಯುತ್ತಿದ್ದೇನೆ. ಲೆಕ್ಕವೆಲ್ಲ 1 ಲೀಟರ್ ಹಾಲಿಗೆ, ಡಿಗ್ರಿ ಎಲ್ಲಾ ಸೆಲ್ಸಿಯಸ್‌ನಲ್ಲಿ.

## ಬಿಸಿ ಒಂದಲ್ಲ, ಎರಡು

ಪನೀರ್ ಮಾಡುವಾಗ ಹಾಲಿಗೆ ಎರಡು ಬೇರೆ ಬೇರೆ ಬಿಸಿ ಬೇಕು. ಹಾಲನ್ನು ಕಾಯಿಸುವ ಬಿಸಿ ಒಂದು. ಹುಳಿ ಹಾಕುವ ಬಿಸಿ ಇನ್ನೊಂದು. ಕಾಯಿಸುವುದು 90 ಡಿಗ್ರಿವರೆಗೆ. ಹುಳಿ ಹಾಕುವುದು ಅದನ್ನು 70ರ ಆಸುಪಾಸಿಗೆ ಇಳಿಸಿದ ಮೇಲೆ. ಎಮ್ಮೆ ಹಾಲಿಗೆ ಡೇರಿಯವರು ಅನುಸರಿಸುವ ಕ್ರಮವೂ ಇದೇ. "ಹಾಲು ಕುದಿಸಿ, ನಿಂಬೆರಸ ಹಾಕಿ" ಅಂತ ಒಂದೇ ಸಾಲಿನಲ್ಲಿ ಬರೆದಾಗ ನಡುವಿನ 20 ಡಿಗ್ರಿ ಮಾಯವಾಗುತ್ತದೆ.

90ರ ಬಿಸಿ ಯಾಕೆ ಬೇಕು? ಹಾಲಿನ ಪ್ರೋಟೀನಿನಲ್ಲಿ ಎರಡು ಬಗೆ. ದೊಡ್ಡ ಪಾಲು ಕೇಸೀನ್. ಹುಳಿ ಬಿದ್ದರೆ ಒಡೆದು ಗಟ್ಟಿಯಾಗುವುದು ಇದೇ. ಸಣ್ಣ ಪಾಲಿನ ಪ್ರೋಟೀನ್ ಹುಳಿಗೆ ಜಗ್ಗುವುದಿಲ್ಲ. ಹಾಲು ಒಡೆದಾಗ ಬೇರೆಯಾಗುವ ಹಸಿರು ಮಿಶ್ರಿತ ಹಳದಿ ನೀರು ಇದೆಯಲ್ಲ, ಹಾಲೊಡಕು, ಅದರ ಜೊತೆ ಹರಿದುಹೋಗುತ್ತದೆ. ಆದರೆ ಹಾಲು ಚೆನ್ನಾಗಿ ಕಾದಾಗ ಈ ಎರಡನೆಯ ಪ್ರೋಟೀನ್ ಸುರುಳಿ ಬಿಚ್ಚಿಕೊಂಡು ಕೇಸೀನಿನ ಮೈಗೆ ಅಂಟುತ್ತದೆ. ಆಮೇಲೆ ಹುಳಿ ಹಾಕಿದರೆ ಎರಡೂ ಒಟ್ಟಿಗೆ ಪನೀರಿಗೆ ಬರುತ್ತವೆ. ಪನೀರ್ ತೂಕವೂ ಜಾಸ್ತಿ ಬರುತ್ತದೆ, ನೀರಿನ ಪಸೆಯೂ ಉಳಿಯುತ್ತದೆ. ಅಂದರೆ ಹಾಲನ್ನು ಚೆನ್ನಾಗಿ ಕಾಯಿಸಿದ್ದರಿಂದ ಪನೀರ್ ಗಟ್ಟಿಯಾಗುವುದಿಲ್ಲ. ಆ ಬಿಸಿಯಲ್ಲೇ ಹುಳಿ ಹಾಕಿದ್ದರಿಂದ ಆಗುತ್ತದೆ.

## ಬಿಸಿ ಹೆಚ್ಚಾದರೆ ಗಟ್ಟಿಯಾಗುವುದು ಯಾಕೆ

ಹಾಲಿನಲ್ಲಿ ಕೇಸೀನ್ ಕಣ್ಣಿಗೆ ಕಾಣದಷ್ಟು ಸಣ್ಣ ಉಂಡೆಗಳಾಗಿ ತೇಲುತ್ತಿರುತ್ತದೆ. ಎಲ್ಲ ಉಂಡೆಗಳ ಮೇಲೂ ಒಂದೇ ಬಗೆಯ ವಿದ್ಯುತ್ ಇರುವುದರಿಂದ ಒಂದು ಇನ್ನೊಂದನ್ನು ದೂರ ತಳ್ಳುತ್ತದೆ. ಹುಳಿ ಬಿದ್ದಾಗ ಆ ತಳ್ಳಾಟ ನಿಲ್ಲುತ್ತದೆ. ಉಂಡೆಗಳು ಒಂದಕ್ಕೊಂದು ಅಂಟಿ ಬಲೆಯಂತೆ ಹೆಣೆದುಕೊಳ್ಳುತ್ತವೆ. ಆ ಬಲೆಯ ಕಣ್ಣುಗಳಲ್ಲಿ ಕೊಬ್ಬು ಮತ್ತು ನೀರು ಸಿಕ್ಕಿಕೊಳ್ಳುತ್ತವೆ. ಪನೀರ್ ಮೆತ್ತಗಿರುವುದು ಆ ನೀರಿನಿಂದ.

ಈ ಅಂಟುವಿಕೆ ಬಿಸಿ ಏರಿದಷ್ಟೂ ಜೋರು. 70ರಲ್ಲಿ ಬಲೆ ನಿಧಾನವಾಗಿ, ಸಡಿಲವಾಗಿ ಹೆಣೆದುಕೊಳ್ಳುತ್ತದೆ. 90 ದಾಟಿದಾಗ ಉಂಡೆಗಳು ಥಟ್ಟನೆ ಒತ್ತಿಕೊಂಡು ಅಂಟುತ್ತವೆ, ಅಂಟಿದ ಮೇಲೂ ಕುಗ್ಗುತ್ತಾ ಹೋಗುತ್ತವೆ. ಬಟ್ಟೆ ಹಿಂಡಿದ ಹಾಗೆ ಒಳಗಿನ ನೀರು ಹೊರಗೆ ಬೀಳುತ್ತದೆ. ನೀವು ಕಲ್ಲು ಹೇರುವ ಮೊದಲೇ, ಬಟ್ಟೆಗೆ ಸೋಸುವ ಮೊದಲೇ, ಪಾತ್ರೆಯೊಳಗೇ ಪನೀರ್ ಹಿಂಡಿಹೋಗಿರುತ್ತದೆ. ಆಮೇಲೆ ಎಷ್ಟು ಹಗುರ ಭಾರ ಇಟ್ಟರೂ, ಎಷ್ಟು ಹೊತ್ತು ತಣ್ಣೀರಲ್ಲಿ ಇಟ್ಟರೂ ಆ ನೀರು ವಾಪಸ್ ಬರುವುದಿಲ್ಲ. ನಾದಿನಿ ಕಲ್ಲಿನ ಭಾರ ಕಡಿಮೆ ಮಾಡಿದ್ದು ಉಪಯೋಗಕ್ಕೆ ಬಾರದ್ದು ಇದಕ್ಕೇ.

ಬಿಸಿ ತೀರಾ ಕಡಿಮೆಯಾದರೂ ಕೆಲಸ ಕೆಡುತ್ತದೆ. 60ರ ಕೆಳಗೆ ಬಲೆ ಬಿಗಿಯುವುದೇ ಇಲ್ಲ. ಒಡೆದ ಹಾಲು ರವೆಯ ಹಾಗೆ ಸಣ್ಣ ಸಣ್ಣ ಕಾಳಾಗಿ ನಿಲ್ಲುತ್ತದೆ. ಬಟ್ಟೆಯಲ್ಲಿ ನೀರು ಇಳಿಯುವುದಿಲ್ಲ. ಕತ್ತರಿಸಿದರೆ ಪುಡಿ ಪುಡಿ.

## ಒಂದೇ ಹಾಲು, ಎರಡು ಪಾತ್ರೆ

ನಾದಿನಿಗೆ ಮಾತಿನಲ್ಲಿ ನಂಬಿಕೆ ಬರಲಿಲ್ಲ. ಒಂದೇ ದಿನ ತಂದ ಫುಲ್ ಕ್ರೀಮ್ ಹಾಲು 2 ಲೀಟರ್ ತೆಗೆದುಕೊಂಡು ಎರಡು ಪಾಲು ಮಾಡಿದೆವು. ಎರಡಕ್ಕೂ 2 ಗ್ರಾಂ ಸಿಟ್ರಿಕ್ ಆ್ಯಸಿಡ್, 200 ಮಿಲಿ ನೀರಿನಲ್ಲಿ ಕರಗಿಸಿದ್ದು. ಮೊದಲ ಪಾಲಿಗೆ ಅವಳ ರೀತಿ: ಕುದಿಯುವಾಗಲೇ ಹುಳಿ, ಆಮೇಲೆ ಎರಡು ನಿಮಿಷ ಉರಿ. ಎರಡನೆಯದಕ್ಕೆ ಆರಿಸಿ 72ಕ್ಕೆ ಇಳಿಸಿ ಹುಳಿ, ಉರಿ ಇಲ್ಲ. ಒಂದೇ ಕಲ್ಲು, ಒಂದೇ ಅರ್ಧ ಗಂಟೆ.

ಮೊದಲನೆಯದು 168 ಗ್ರಾಂ ತೂಗಿತು. ಎರಡನೆಯದು 203 ಗ್ರಾಂ. ಎರಡರ ಹಾಲೊಡಕೂ ತಿಳಿಯಾಗಿತ್ತು. ಹಾಗಾಗಿ ಮೊದಲನೆಯದರಲ್ಲಿ ಪ್ರೋಟೀನ್ ಕಳೆದುಹೋಗಿಲ್ಲ, ಆ 35 ಗ್ರಾಂ ಹೆಚ್ಚುಕಡಿಮೆ ಪೂರಾ ನೀರೇ. ಉಗುರಿನಿಂದ ಒತ್ತಿದರೆ ಮೊದಲನೆಯದರಲ್ಲಿ ಗುರುತು ಬಿದ್ದು ಮೆಲ್ಲಗೆ ಮಾಯವಾಗುತ್ತಿತ್ತು. ಎರಡನೆಯದರಲ್ಲಿ ಗುರುತು ಹಾಗೇ ಉಳಿಯಿತು. ಕತ್ತರಿಸಿದ ಮೈ ನೋಡಿದರೆ ಮೊದಲನೆಯದರಲ್ಲಿ ಉದ್ದುದ್ದ ಎಳೆ ಎಳೆ, ನಡುನಡುವೆ ಸಂದು. ಎರಡನೆಯದು ಒಂದೇ ಸಮ. ಇದಾದ ಮೇಲೆ ಅವಳು ಥರ್ಮಾಮೀಟರ್ ತರಿಸಿದಳು.

## ಬೇಕಾದ ಸಾಮಾನು

ಥರ್ಮಾಮೀಟರ್: ಕಡ್ಡಿ ಇರುವ ಅಡುಗೆ ಥರ್ಮಾಮೀಟರ್ ಸಾಕು. ಜ್ವರ ನೋಡುವುದು ಬೇಡ, ಅದು ಇಷ್ಟು ಬಿಸಿಗೆ ಮಾಡಿದ್ದಲ್ಲ. ಹೊಸದನ್ನು ತಂದ ದಿನ ಕುದಿಯುವ ನೀರಿನಲ್ಲಿ ಪರೀಕ್ಷೆ ಮಾಡಿ. ಆದರೆ 100 ತೋರಿಸಬೇಕು ಅಂತ ಕಾಯಬೇಡಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 97ರ ಹತ್ತಿರವೇ ಕುದಿಯುತ್ತದೆ. ಮಂಗಳೂರಿನಲ್ಲಿ 100. ಮಡಿಕೇರಿಯಲ್ಲಿ 96ರ ಸುಮಾರು. ನಿಮ್ಮೂರಿನ ಲೆಕ್ಕಕ್ಕಿಂತ ಎರಡು ಡಿಗ್ರಿ ಹೆಚ್ಚುಕಡಿಮೆ ಇದ್ದರೆ ಅದನ್ನು ನೆನಪಿಟ್ಟುಕೊಂಡು ಬಳಸಿ.

ಪಾತ್ರೆ: ದಪ್ಪ ತಳದ್ದು, ಎರಡೂವರೆ ಲೀಟರ್ ಹಿಡಿಯುವಂಥದ್ದು. ತೆಳು ತಳವಾದರೆ ಹಾಲು ಅಡಿ ಹಿಡಿಯುತ್ತದೆ. ಆ ಸೀದ ವಾಸನೆ ಪನೀರಿನಿಂದ ಹೋಗುವುದಿಲ್ಲ. ಅಲ್ಯೂಮಿನಿಯಂ, ಹಿತ್ತಾಳೆ ಬೇಡ, ಹುಳಿ ಬೀಳುವ ಪಾತ್ರೆ ಇದು. ಸ್ಟೀಲೇ ಇರಲಿ.

ಉಳಿದದ್ದು: ಚಪ್ಪಟೆ ಸೌಟು, ತೂತಿನ ಪಾತ್ರೆ, ತೆಳ್ಳಗಿನ ಹತ್ತಿ ಬಟ್ಟೆ, 2ರಿಂದ 3 ಕಿಲೋ ಭಾರ. ನಮ್ಮ ಮನೆಯಲ್ಲಿ ಒರಳಿನ ಗುಂಡುಕಲ್ಲು ಈಗ ಈ ಒಂದು ಕೆಲಸಕ್ಕೇ ಮೀಸಲು.

ಹಾಲು: ಎಮ್ಮೆ ಹಾಲು ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೆ 6 ಶೇಕಡಾ ಕೊಬ್ಬಿನ ಫುಲ್ ಕ್ರೀಮ್ ಪ್ಯಾಕೆಟ್. ತಿಂಗಳುಗಟ್ಟಲೆ ಹೊರಗಿಟ್ಟರೂ ಕೆಡದ ಡಬ್ಬಿ ಹಾಲನ್ನು ಮಾತ್ರ ಇದಕ್ಕೆ ತರಬೇಡಿ. ಅದನ್ನು ಮೊದಲೇ ತೀರಾ ಜೋರು ಬಿಸಿಗೆ ಕಾಯಿಸಿರುತ್ತಾರೆ. ಒಡೆದರೂ ಮುದ್ದೆ ಸರಿಯಾಗಿ ಕೂಡುವುದಿಲ್ಲ.

## ಹಂತ 1: ಹಾಲನ್ನು 90ಕ್ಕೆ ಏರಿಸುವುದು

ಪಾತ್ರೆಯ ತಳಕ್ಕೆ ಎರಡು ಚಮಚ ನೀರು ಹಾಕಿ ಆಮೇಲೆ ಹಾಲು ಸುರಿಯಿರಿ. ಅಡಿ ಹಿಡಿಯುವುದು ಸ್ವಲ್ಪ ಕಡಿಮೆಯಾಗುತ್ತದೆ. ಮಧ್ಯಮ ಉರಿಯಲ್ಲಿಟ್ಟು, ಸೌಟು ತಳಕ್ಕೆ ತಾಗುವ ಹಾಗೆ ಆಗಾಗ ಕೈಯಾಡಿಸಿ.

ಹಾಲು ಉಕ್ಕಿ ಬಂದರೆ ಕುದಿಯಿತು ಅಂತ ನಾವು ಅಂದುಕೊಳ್ಳುತ್ತೇವೆ. ಕೆನೆಯ ಕೆಳಗೆ ಆವಿ ಸಿಕ್ಕಿಕೊಂಡರೆ ನಡುವಿನ ಹಾಲು ಇನ್ನೂ ಅಷ್ಟು ಕಾದಿರದಿದ್ದರೂ ಹಾಲು ಉಕ್ಕಬಹುದು. ಹಾಗಾಗಿ ಕೈಯಾಡಿಸಿ, ಕಡ್ಡಿಯನ್ನು ತಳಕ್ಕೆ ತಾಗಿಸದೆ ನಡುವಿನಲ್ಲಿ ಹಿಡಿದು ನೋಡಿ. 90 ಬಂದರೆ ಉರಿ ಆರಿಸಿ. ಥರ್ಮಾಮೀಟರ್ ಇಲ್ಲದವರು ಒಂದು ಕುದಿ ಬರಿಸಿ ಆರಿಸಿದರೆ ಸಾಕು. ಹತ್ತಾರು ನಿಮಿಷ ಕುದಿಸಿ ಹಾಲು ಇಂಗಿಸುವುದರಿಂದ ಲಾಭ ಏನೂ ಇಲ್ಲ, ಬಣ್ಣ ಮಾತ್ರ ಮಾಸುತ್ತದೆ.

## ಹಂತ 2: ಹುಳಿ ನೀರು ತಯಾರಿಸುವುದು

ಹಾಲು ಕಾಯುತ್ತಿರುವಾಗಲೇ ಈ ಕೆಲಸ ಮುಗಿಸಿಕೊಳ್ಳಿ. ಆಮೇಲೆ ನಿಂಬೆಹಣ್ಣು ಹುಡುಕುತ್ತಾ ಕೂತರೆ ಹಾಲು ಬೇಕಾದ್ದಕ್ಕಿಂತ ಜಾಸ್ತಿ ಆರಿಹೋಗುತ್ತದೆ.

1 ಲೀಟರಿಗೆ ಸಿಟ್ರಿಕ್ ಆ್ಯಸಿಡ್ ಪುಡಿ ಸುಮಾರು 2 ಗ್ರಾಂ ಬೇಕು. ಟೀ ಚಮಚದಲ್ಲಿ ಅರ್ಧಕ್ಕೆ ಸ್ವಲ್ಪ ಕಡಿಮೆ. ಅದನ್ನು 200 ಮಿಲಿ ನೀರಿನಲ್ಲಿ ಕರಗಿಸಿ. ನಿಂಬೆಹಣ್ಣಾದರೆ ಸೋಸಿದ ರಸ 40 ಮಿಲಿ, ಅಂದರೆ ಮಧ್ಯಮ ಗಾತ್ರದ ಮೂರು ಹಣ್ಣು. ಅದಕ್ಕೂ ನೀರು ಸೇರಿಸಿ 200 ಮಿಲಿ ಮಾಡಿ. ನಿಂಬೆಯ ಹುಳಿ ಹಣ್ಣಿನಿಂದ ಹಣ್ಣಿಗೆ ಬೇರೆ. ಅದಕ್ಕೇ ನನಗೆ ಪುಡಿಯೇ ಇಷ್ಟ, ಪ್ರತಿಸಲ ಒಂದೇ ಅಳತೆ ಬರುತ್ತದೆ.

ನೀರು ಬೆರೆಸದೆ ಬರೀ ರಸ ಸುರಿಯುವುದು ನಾನು ಕಂಡ ಎರಡನೆಯ ದೊಡ್ಡ ತಪ್ಪು. ಗಟ್ಟಿ ಹುಳಿ ಬಿದ್ದ ಜಾಗದಲ್ಲಿ ಹಾಲು ತಕ್ಷಣ ಒಡೆದು ಬಿಗಿ ಗಂಟಾಗುತ್ತದೆ. ಪಕ್ಕದ ಹಾಲು ಇನ್ನೂ ಹಾಲಾಗಿಯೇ ಇರುತ್ತದೆ. ಅದನ್ನು ನೋಡಿ ಇನ್ನಷ್ಟು ಹುಳಿ ಸುರಿಯುತ್ತೇವೆ. ಪನೀರಿನಲ್ಲಿ ಗಂಟೂ ಇರುತ್ತದೆ, ಹುಳಿಯೂ ಇರುತ್ತದೆ.

## ಹಂತ 3: ಸರಿಯಾದ ಬಿಸಿಗೆ ಇಳಿಸುವುದು

ಇಲ್ಲಿ ಒಂದು ಸಣ್ಣ ಲೆಕ್ಕ ಬರುತ್ತದೆ. ಹುಳಿ ನೀರು ಕೂಡ ಹಾಲನ್ನು ಆರಿಸುತ್ತದೆ, ಅಲ್ವಾ? 75 ಡಿಗ್ರಿಯ 1 ಲೀಟರ್ ಹಾಲಿಗೆ ಕೋಣೆಯ ಬಿಸಿಯ, ಅಂದರೆ 27 ಡಿಗ್ರಿಯ, 200 ಮಿಲಿ ನೀರು ಸೇರಿದರೆ ಒಟ್ಟು ಬಿಸಿ 67ಕ್ಕೆ ಇಳಿಯುತ್ತದೆ. 70ರಲ್ಲಿ ಶುರು ಮಾಡಿದರೆ 63ರ ಹತ್ತಿರ ಬಂದು ನಿಲ್ಲುತ್ತದೆ. "70ರಲ್ಲೇ ಹಾಕಿದೆ, ಆದರೂ ಸರಿಯಾಗಿ ಒಡೆಯಲಿಲ್ಲ" ಅನ್ನುವವರು ಈ ಲೆಕ್ಕ ಮರೆತಿರುತ್ತಾರೆ.

ಇದಕ್ಕೆ ಎರಡು ದಾರಿ. ಹುಳಿ ನೀರನ್ನೂ 70ಕ್ಕೆ ಬಿಸಿ ಮಾಡಿಕೊಂಡು, 72ಕ್ಕೆ ಆರಿದ ಹಾಲಿಗೆ ಹಾಕುವುದು ಮೊದಲನೆಯದು. ಥರ್ಮಾಮೀಟರ್ ಇದ್ದವರು ಹೀಗೇ ಮಾಡಿ, ಶುರುವಿನಿಂದ ಕೊನೆಯವರೆಗೆ ಬಿಸಿ ಒಂದೇ ಇರುತ್ತದೆ.

ಎರಡನೆಯದು ಥರ್ಮಾಮೀಟರ್ ಇಲ್ಲದವರಿಗೆ. ಹಾಲು 80ರಲ್ಲಿದ್ದಾಗ ಕೋಣೆಯ ಬಿಸಿಯ ಹುಳಿ ನೀರು 200 ಮಿಲಿ ಹಾಕಿದರೆ ಕೊನೆಗೆ 71ಕ್ಕೆ ಬಂದು ನಿಲ್ಲುತ್ತದೆ. ಹುಳಿಯ ಮೊದಲ ಪಾಲಿಗೆ ಹಾಲು ಹೆಚ್ಚೇನೂ ಒಡೆಯುವುದಿಲ್ಲ. ಕೊನೆಯ ಪಾಲು ಬೀಳುವಾಗಲೇ ಸರಿಯಾಗಿ ಒಡೆಯುವುದು. ಅಷ್ಟರಲ್ಲಿ ಹಾಲು ತಾನಾಗಿಯೇ ಬೇಕಾದ ಬಿಸಿಗೆ ಬಂದಿರುತ್ತದೆ. ನಮ್ಮ ಅಡುಗೆಮನೆಯಲ್ಲಿ ಮುಚ್ಚಳ ತೆಗೆದಿಟ್ಟ 1 ಲೀಟರ್ ಹಾಲು 80ಕ್ಕೆ ಬರಲು ಆರೇಳು ನಿಮಿಷ, 72ಕ್ಕೆ ಬರಲು ಹನ್ನೆರಡು ನಿಮಿಷದ ಸುಮಾರು ಹಿಡಿಯುತ್ತದೆ. ನಿಮ್ಮ ಪಾತ್ರೆ ಬೇರೆ, ನಿಮ್ಮೂರಿನ ಗಾಳಿ ಬೇರೆ. ಯಾರದ್ದಾದರೂ ಥರ್ಮಾಮೀಟರ್ ಒಂದು ದಿನಕ್ಕೆ ಕೇಳಿ ತಂದು ನಿಮ್ಮ ಪಾತ್ರೆಯ ಸಮಯ ಬರೆದಿಟ್ಟುಕೊಳ್ಳಿ. ಆಮೇಲೆ ಗಡಿಯಾರ ಸಾಕು. ಹಾಲಿನ ಪ್ರಮಾಣ ಬದಲಾದರೆ ಈ ಸಮಯವೂ ಬದಲಾಗುತ್ತದೆ. 3 ಲೀಟರ್ ಇನ್ನೂ ನಿಧಾನವಾಗಿ ಆರುತ್ತದೆ.

ಆರುವಾಗ ಮೇಲೆ ಕೆನೆ ಕಟ್ಟುತ್ತದೆ. ಆಗಾಗ ಕೈಯಾಡಿಸಿ ಅದನ್ನು ಒಡೆಯಿರಿ. ಇಲ್ಲದಿದ್ದರೆ ಮೇಲೆ ತಣ್ಣಗೆ, ನಡುವೆ ಬಿಸಿ ಆಗುತ್ತದೆ, ಥರ್ಮಾಮೀಟರ್ ಸುಳ್ಳು ಹೇಳುತ್ತದೆ.

ಹಸುವಿನ ಹಾಲಾದರೆ: ಲೆಕ್ಕ ಸ್ವಲ್ಪ ಬೇರೆ. ಎಮ್ಮೆ ಹಾಲಿನಲ್ಲಿ ಕೇಸೀನ್, ಕ್ಯಾಲ್ಸಿಯಂ, ಕೊಬ್ಬು ಎಲ್ಲವೂ ಜಾಸ್ತಿ. ಅದರ ಪನೀರ್ ತಾನಾಗಿಯೇ ಗಟ್ಟಿ ನಿಲ್ಲುತ್ತದೆ. ಹಸುವಿನ ಹಾಲಿನದು ಮೆದು, ಬೇಗ ಮುರಿಯುತ್ತದೆ. ಅದಕ್ಕೆ ಬೇಕೆಂದೇ ಸ್ವಲ್ಪ ಹೆಚ್ಚು ಬಿಸಿಯಲ್ಲಿ, 80ರ ಹತ್ತಿರ ಒಡೆಸುತ್ತಾರೆ. ಎಮ್ಮೆ ಹಾಲಿಗೆ ತಪ್ಪಾಗುವ ಹಿಂಡುವಿಕೆ ಇಲ್ಲಿ ಸ್ವಲ್ಪ ಬೇಕಾಗುತ್ತದೆ. ಪ್ಯಾಕೆಟ್‌ನ ಟೋನ್ಡ್ ಹಾಲಿಗೂ ನಾನು 76–78 ಇಟ್ಟುಕೊಳ್ಳುತ್ತೇನೆ. ಕೊಬ್ಬು ಕಡಿಮೆ ಇರುವ ಹಾಲಿನ ಪನೀರ್ ಮೊದಲೇ ಒಣಗಲು, ಅಗಿಯಲು ಸ್ವಲ್ಪ ಗಟ್ಟಿ. ಕೇಸೀನಿನ ಬಲೆಯ ನಡುವೆ ಕುಳಿತು ಅದನ್ನು ಸಡಿಲವಾಗಿಡುವುದು ಕೊಬ್ಬೇ. ಅದಕ್ಕೇ ಟೋನ್ಡ್ ಹಾಲಿಗೆ ಕುದಿಯುವಾಗ ಹುಳಿ ಹಾಕಿದರೆ ಎಲ್ಲಕ್ಕಿಂತ ಕೆಟ್ಟ ರಬ್ಬರ್ ತಯಾರಾಗುತ್ತದೆ.

## ಹಂತ 4: ಹುಳಿ ಹಾಕುವುದು

ಒಲೆ ಆರಿರಲಿ. ಆ ಮೇಲೆ ಹಚ್ಚಲೇಬೇಡಿ.

ಹುಳಿ ನೀರನ್ನು ಸಣ್ಣ ಧಾರೆಯಾಗಿ, ಪಾತ್ರೆಯ ಸುತ್ತ ತಿರುಗಿಸುತ್ತಾ ಹಾಕಿ. ಇನ್ನೊಂದು ಕೈ ಸೌಟನ್ನು ಮೆಲ್ಲಗೆ ಆಡಿಸುತ್ತಿರಲಿ. ಮೊದಲ ಅರ್ಧಕ್ಕೆ ಏನೂ ಆಗದ ಹಾಗೆ ಕಾಣುತ್ತದೆ. ಹಾಲು ಸ್ವಲ್ಪ ದಪ್ಪವಾಯಿತೇನೋ ಅನ್ನಿಸುತ್ತದೆ, ಅಷ್ಟೇ. ಆಮೇಲೆ ಸೌಟಿನ ಬೆನ್ನಿಗೆ ಸಣ್ಣ ಕಾಳು ಅಂಟುತ್ತವೆ. ಮುಕ್ಕಾಲು ಭಾಗ ಹೋದಾಗ ಹತ್ತಿಯ ಹಾಗೆ ಗೊಂಚಲು ಮೂಡುತ್ತದೆ. ಆಗ ಕೈ ನಿಧಾನ ಮಾಡಿ. ಒಂದೊಂದೇ ಚಮಚ ಹಾಕಿ, ಹತ್ತು ಎಣಿಸಿ, ನೋಡಿ.

ಗೊಂಚಲುಗಳ ನಡುವಿನ ನೀರು ತಿಳಿಯಾಗಿ ಹಸಿರು ಮಿಶ್ರಿತ ಹಳದಿಗೆ ತಿರುಗಿದ ಗಳಿಗೆಯಲ್ಲಿ ನಿಲ್ಲಿಸಿ. ಹುಳಿ ಉಳಿದರೆ ಉಳಿಯಲಿ, ಚೆಲ್ಲಿ. ಹಾಲಿನ ಪಿಎಚ್ 6.7ರ ಆಸುಪಾಸಿನಿಂದ 5.3ಕ್ಕೆ ಇಳಿದಾಗ ಹೀಗೆ ಕಾಣುತ್ತದೆ. ಅದರಿಂದಾಚೆ ಹಾಕಿದ ಹುಳಿ ಪನೀರನ್ನು ಕಟ್ಟುವ ಕ್ಯಾಲ್ಸಿಯಂ ಅನ್ನು ಕರಗಿಸಿ ಹಾಲೊಡಕಿಗೆ ಎಳೆದುಕೊಂಡು ಹೋಗುತ್ತದೆ. ರುಚಿ ಹುಳಿ, ಗ್ರೇವಿಯಲ್ಲಿ ಹಾಕಿದರೆ ಅಂಚು ಉದುರುತ್ತದೆ.

ಹುಳಿಯೆಲ್ಲ ಮುಗಿದರೂ ನೀರು ಇನ್ನೂ ಬೆಳ್ಳಗಿದೆಯೇ? ಇನ್ನಷ್ಟು ಹುಳಿ ಹಿಂಡುವ ಮೊದಲು ಬಿಸಿ ನೋಡಿ. 65ಕ್ಕಿಂತ ಕೆಳಗಿದ್ದರೆ ತಪ್ಪು ಹುಳಿಯದ್ದಲ್ಲ, ಬಿಸಿಯದ್ದು. ಮೇಲೆ ಉರಿ ಹಚ್ಚಲೇಬೇಡಿ ಅಂದೆನಲ್ಲ, ಅದಕ್ಕೆ ಇದೊಂದೇ ವಿನಾಯಿತಿ. ಸಣ್ಣ ಉರಿಯಲ್ಲಿ 70ಕ್ಕೆ ತಂದು ತಕ್ಷಣ ಆರಿಸಿ. ಹೆಚ್ಚಿನ ಸಲ ಅಷ್ಟಕ್ಕೇ ನೀರು ತಿಳಿಯಾಗುತ್ತದೆ. ಬಿಸಿ ಸರಿಯಾಗಿದ್ದೂ ನೀರು ಬೆಳ್ಳಗಿದ್ದರೆ ಮಾತ್ರ ಹುಳಿ ಸಾಲದು ಅಂತ ಅರ್ಥ. ಅರ್ಧರ್ಧ ಚಮಚ ನಿಂಬೆರಸಕ್ಕೆ ನೀರು ಬೆರೆಸಿ ಹಾಕಿ.

ಸೌಟನ್ನು ಜೋರಾಗಿ ತಿರುಗಿಸುವುದೂ ಬೇಡ. ಮಜ್ಜಿಗೆ ಕಡೆದ ಹಾಗೆ ಕಡೆದರೆ ಗೊಂಚಲು ಪುಡಿಯಾಗಿ ಬಟ್ಟೆಯ ಕಣ್ಣಲ್ಲಿ ಹೋಗಿಬಿಡುತ್ತದೆ.

## ಹಂತ 5: ಐದು ನಿಮಿಷ ಸುಮ್ನೆ ಬಿಡುವುದು, ಬಿಸಿಯಲ್ಲೇ ಸೋಸುವುದು

ಒಡೆದ ಹಾಲನ್ನು ಮುಚ್ಚಿ ಐದು ನಿಮಿಷ ಬಿಡಿ. ಗೊಂಚಲು ತಳಕ್ಕೆ ಇಳಿಯುತ್ತದೆ, ಒಂದಕ್ಕೊಂದು ಕೂಡುತ್ತದೆ. ಮುಚ್ಚುವುದು ಬಿಸಿ ಹೋಗದಿರಲಿ ಅಂತ. ಹಾಲೊಡಕಿನ ಬಿಸಿ 63ರ ಕೆಳಗೆ ಹೋಗುವ ಮೊದಲು ಸೋಸಿ ಮುಗಿಸಬೇಕು. ಬಿಸಿಯಿರುವ ಗೊಂಚಲುಗಳು ಒತ್ತಿದಾಗ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಆರಿದವು ಬೆಸೆಯುವುದಿಲ್ಲ. ಒತ್ತಿದರೂ ಒಳಗೆ ಗೆರೆ ಉಳಿದು, ಕತ್ತರಿಸುವಾಗ ಅಲ್ಲೇ ಬಿರಿಯುತ್ತದೆ.

ನನಗೊಮ್ಮೆ ಹೀಗಾಗಿದೆ. ಹುಳಿ ಹಾಕುವ ಮೊದಲು ಫೋನ್ ಬಂತು, ಮಾತು ಉದ್ದವಾಯಿತು. ಬಂದು ನೋಡಿದರೆ ಹಾಲು 52. ಪರವಾಗಿಲ್ಲ ಅಂತ ಹಾಕಿಬಿಟ್ಟೆ. ಒಡೆಯಿತು, ಆದರೆ ನೀರು ಮಜ್ಜಿಗೆಯ ಹಾಗೇ ಉಳಿಯಿತು. ಬಟ್ಟೆಯಲ್ಲಿ ಮುಕ್ಕಾಲು ಗಂಟೆ ನೇತುಹಾಕಿದರೂ ತೊಟ್ಟಿಕ್ಕುತ್ತಲೇ ಇತ್ತು. ಅವತ್ತು ಪಾಲಕ್ ಪನೀರ್ ಹೋಗಿ ಪನೀರ್ ಪರೋಟ ಆಯಿತು.

ಬಟ್ಟೆಯನ್ನು ಒದ್ದೆ ಮಾಡಿ ಹಿಂಡಿ ತೂತಿನ ಪಾತ್ರೆಗೆ ಹಾಸಿ. ಮೊದಲು ಸೌಟಿನಲ್ಲಿ ಗೊಂಚಲು ತೆಗೆದು ಹಾಕಿ, ಆಮೇಲೆ ಉಳಿದದ್ದು ಸುರಿಯಿರಿ. ಹುಳಿ ವಾಸನೆ ಹೋಗಲಿ ಅಂತ ಅನೇಕರು ಇಲ್ಲಿ ನಲ್ಲಿ ನೀರು ಬಿಡುತ್ತಾರೆ. ನನಗೆ ಅದು ಇಷ್ಟವಿಲ್ಲ. ಗೊಂಚಲು ತಣ್ಣಗಾಗಿ ಬೆಸೆಯುವುದಿಲ್ಲ. ಹುಳಿ ಅಳತೆಯಲ್ಲಿ ಹಾಕಿದ್ದರೆ ತೊಳೆಯುವ ಅಗತ್ಯವೇ ಇಲ್ಲ. ತೊಳೆಯಲೇಬೇಕು ಅಂದರೆ ಬಿಸಿನೀರಿನಲ್ಲಿ ತೊಳೆಯಿರಿ.

ಬಟ್ಟೆಯನ್ನು ಕೈಯಿಂದ ತಿರುಚಿ ಹಿಂಡಬೇಡಿ. ಹಿಂಡಿದರೆ ಹೊರಮೈ ಬಿಗಿಯಾಗಿ, ಒಳಗಿನ ನೀರು ಒಳಗೇ ಸಿಕ್ಕಿಕೊಳ್ಳುತ್ತದೆ. ಹಾಲೊಡಕು ಚೆಲ್ಲಬೇಡಿ, ಚಪಾತಿ ಹಿಟ್ಟು ಕಲೆಸಲು ಚೆನ್ನಾಗಿರುತ್ತದೆ.

## ಹಂತ 6: ಒತ್ತುವುದು ಮತ್ತು ತಣ್ಣೀರು

ಬಟ್ಟೆಯನ್ನು ನಾಲ್ಕು ಕಡೆಯಿಂದ ಸುಕ್ಕಿಲ್ಲದ ಹಾಗೆ ಮಡಚಿ ಚೌಕ ಮಾಡಿ. ಮೇಲೊಂದು ಸಮತಟ್ಟಾದ ತಟ್ಟೆ, ಅದರ ಮೇಲೆ ಭಾರ. 1 ಲೀಟರ್ ಹಾಲಿನ ಪನೀರಿಗೆ 2ರಿಂದ 3 ಕಿಲೋ, 20ರಿಂದ 30 ನಿಮಿಷ. ರಾತ್ರಿಯಿಡೀ ಕಲ್ಲು ಹೇರಿಡುವ ಮನೆಗಳೂ ಇವೆ. ಅದರಿಂದಲೂ ಒಣ ಪನೀರೇ ಬರುತ್ತದೆ. ಆದರೆ ಒತ್ತಿದ್ದರಿಂದ ಒಣಗಿದ್ದಕ್ಕೂ ಬಿಸಿಯಿಂದ ರಬ್ಬರ್ ಆದದ್ದಕ್ಕೂ ವ್ಯತ್ಯಾಸ ಇದೆ. ಒತ್ತಿ ಒಣಗಿದ್ದು ಕಚ್ಚಿದರೆ ಪುಡಿಯಾಗುತ್ತದೆ. ಬಿಸಿಯಿಂದ ಕೆಟ್ಟದ್ದು ಎಳೆದುಕೊಂಡು ಬರುತ್ತದೆ, ಕಿರ್ ಅನ್ನುತ್ತದೆ.

ಆಮೇಲೆ ಬಟ್ಟೆ ಬಿಚ್ಚಿ ಇಡೀ ತುಂಡನ್ನು ತಣ್ಣೀರಿನಲ್ಲಿ ಮುಳುಗಿಸಿ ಫ್ರಿಜ್ಜಿನಲ್ಲಿ ಎರಡು ಗಂಟೆ ಇಡಿ. ಕೊಬ್ಬು ಗಟ್ಟಿಯಾಗಿ ತುಂಡು ನೀಟಾಗಿ ಕತ್ತರಿಸಲು ಬರುತ್ತದೆ. ಬಿಸಿಯಿರುವಾಗಲೇ ಚಾಕು ಹಾಕಿದರೆ ಎಷ್ಟು ಒಳ್ಳೆಯ ಪನೀರೂ ಮುರಿಯುತ್ತದೆ. ನೀರಿನಲ್ಲೇ ಇಟ್ಟು ದಿನಾ ನೀರು ಬದಲಿಸಿ, ಮೂರು ದಿನದೊಳಗೆ ಮುಗಿಸಿ.

## ಕೆಟ್ಟ ಪನೀರನ್ನು ನೋಡಿ ತಪ್ಪು ಹಿಡಿಯುವುದು

ಹುಳಿ ಬಿದ್ದ ಕೂಡಲೇ ಗೊಂಚಲು ದೊಡ್ಡದಾಗಿ, ಸೌಟಿಗೆ ಸುತ್ತಿಕೊಂಡು, ಎಳೆದರೆ ಎಳೆ ಬರುವಂತೆ ಇದ್ದರೆ ಹಾಲು ತೀರಾ ಬಿಸಿ ಇತ್ತು. ಇದು ಮೊದಲ ಎಚ್ಚರಿಕೆ. ಅದನ್ನು ಕಂಡ ತಕ್ಷಣ ಒಂದು ಲೋಟ ತಣ್ಣೀರು ಸುರಿದು ಬಿಸಿ ಇಳಿಸಿ. ಆದದ್ದು ಆಯಿತು, ಆದರೆ ಮುಂದಿನ ಕುಗ್ಗುವಿಕೆ ಅಲ್ಲಿಗೆ ನಿಲ್ಲುತ್ತದೆ. ಒಡೆದ ಮೇಲೆ ಐಸ್ ತುಂಡು ಹಾಕುವ ರೂಢಿ ಕೆಲವರಲ್ಲಿದೆ. ಅದರ ಕೆಲಸವೂ ಇಷ್ಟೇ. ಕುದಿಯುವ ಹಾಲಿಗೆ ಹುಳಿ ಹಾಕುವವರಿಗೆ ಐಸ್ ಬೇಕಾಗುತ್ತದೆ, 72ರಲ್ಲಿ ಹಾಕುವವರಿಗೆ ಬೇಡ. ಅಲ್ಲಿ ಐಸ್ ಹಾಕಿದರೆ ಬಿಸಿ 63ರ ಕೆಳಗೆ ಹೋಗಿ ಮುದ್ದೆ ಕೂಡುವುದಿಲ್ಲ.

ತೂಕವೂ ಸುಳಿವು ಕೊಡುತ್ತದೆ. 6 ಶೇಕಡಾ ಕೊಬ್ಬಿನ 1 ಲೀಟರ್ ಹಾಲಿಗೆ 200 ಗ್ರಾಂ ಹತ್ತಿರ ಬರಬೇಕು. 170ಕ್ಕೆ ಇಳಿದಿದ್ದು ಹಾಲೊಡಕು ತಿಳಿಯಾಗಿದ್ದರೆ ನೀರು ಹಿಂಡಿಹೋಗಿದೆ. ತೂಕ ಕಡಿಮೆ ಇದ್ದು ಹಾಲೊಡಕೂ ಬೆಳ್ಳಗಿದ್ದರೆ ಪನೀರ್ ಆಗಬೇಕಾದ್ದೇ ನೀರಿನಲ್ಲಿ ಹೋಗಿದೆ. ಮೊದಲನೆಯದಕ್ಕೆ ಬಿಸಿ ಇಳಿಸಬೇಕು. ಎರಡನೆಯದಕ್ಕೆ ಬಿಸಿ ಏರಿಸಬೇಕು, ಇಲ್ಲವೇ ಹುಳಿ ಸ್ವಲ್ಪ ಹೆಚ್ಚಿಸಬೇಕು.

ಮಾಡಿದಾಗ ಮೆತ್ತಗಿದ್ದ ಪನೀರ್ ಹುರಿದ ಮೇಲೆ ಗಟ್ಟಿಯಾದರೆ ತಪ್ಪು ಹಾಲಿನದ್ದಲ್ಲ, ಬಾಣಲೆಯದ್ದು. ಅಲ್ಲೂ ನೀರೇ ಹೋಗಿರುತ್ತದೆ. ಹುರಿದ ತುಂಡುಗಳನ್ನು ಉಪ್ಪು ಹಾಕಿದ ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿದರೆ ಬಹುಪಾಲು ಸರಿಹೋಗುತ್ತದೆ, ಯಾಕೆಂದರೆ ಒಣಗಿದ್ದು ಹೆಚ್ಚಾಗಿ ಹೊರಪದರ ಮಾತ್ರ. ಹಾಲು ಒಡೆಯುವಾಗಲೇ ರಬ್ಬರ್ ಆದದ್ದು ಹೀಗೆ ನೆನೆಸಿದರೆ ಅಂಚು ಸ್ವಲ್ಪ ಮೆತ್ತಗಾಗಬಹುದು, ಒಳಗಿನ ಎಳೆ ಹೋಗುವುದಿಲ್ಲ. ಅಂಥದ್ದನ್ನು ತುಂಡು ಮಾಡಿ ಗ್ರೇವಿಗೆ ಹಾಕುವ ಹಠ ಬೇಡ. ತುರಿಮಣೆಯಲ್ಲಿ ಸಣ್ಣಗೆ ತುರಿದು ಈರುಳ್ಳಿ, ಹಸಿಮೆಣಸಿನಕಾಯಿ ಜೊತೆ ಬುರ್ಜಿ ಮಾಡಿ. ತುರಿದಾಗ ಎಳೆಗಳು ತುಂಡಾಗುತ್ತವೆ, ಕಿರ್ ಅನ್ನುವುದಿಲ್ಲ.